ಸಾರತೆಯ ರೇಖೆಯಿಂದ ಕ್ರಿಯಾವೇಗ ಕಂಡುಹಿಡಿಯುವುದು: ಹೈಡ್ರೋಜನ್ ಪೆರಾಕ್ಸೈಡಿನ ಒಂದು ಪೂರ್ತಿ ಲೆಕ್ಕ

ರಾಸಾಯನಿಕ ಕ್ರಿಯೆಯ ವೇಗವನ್ನು ನೇರವಾಗಿ ತೋರಿಸುವ ಉಪಕರಣ ಪ್ರಯೋಗಶಾಲೆಯಲ್ಲಿ ಇರುವುದಿಲ್ಲ. ನಮಗೆ ಸಿಗುವುದು ಬೇರೆ ಬೇರೆ ಹೊತ್ತಿನ ಸಾರತೆಗಳು ಮಾತ್ರ. ಅವನ್ನು ಗ್ರಾಫಿನಲ್ಲಿ ಗುರುತಿಸಿ, ರೇಖೆ ಎಳೆದು, ಆ ರೇಖೆಯ ಇಳಿಜಾರಿನಿಂದ ವೇಗವನ್ನು ಹೊರತೆಗೆಯಬೇಕು. ದ್ವಿತೀಯ ಪಿಯುಸಿ ಮತ್ತು ಬಿ.ಎಸ್ಸಿ. ವಿದ್ಯಾರ್ಥಿಗಳಿಗೆ `-d[A]/dt` ಎಂಬ ಬರಹ ಚೆನ್ನಾಗಿ ಗೊತ್ತಿರುತ್ತದೆ. ಆದರೆ ಎಂಟು ಅಳತೆಗಳನ್ನು ಕೈಗೆ ಕೊಟ್ಟು "10ನೇ ನಿಮಿಷದಲ್ಲಿ ವೇಗ ಎಷ್ಟಿತ್ತು?" ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಉತ್ತರ ಕೊಡುತ್ತಾರೆ, ಮತ್ತು ಆ ಉತ್ತರಗಳ ನಡುವೆ ಶೇಕಡಾ 25ರಷ್ಟು ಅಂತರವೂ ಇರಬಹುದು. ಆ ಅಂತರ ಎಲ್ಲಿಂದ ಬರುತ್ತದೆ, ಅದನ್ನು ಶೇಕಡಾ ಒಂದೆರಡಕ್ಕೆ ಇಳಿಸುವುದು ಹೇಗೆ ಎಂಬುದನ್ನು ಒಂದೇ ಪ್ರಯೋಗ ಹಿಡಿದುಕೊಂಡು ನೋಡೋಣ.

ಪ್ರಯೋಗ ಇದು: ಹೈಡ್ರೋಜನ್ ಪೆರಾಕ್ಸೈಡ್ ಫೆರಿಕ್ ಕ್ಲೋರೈಡಿನ ಸಮ್ಮುಖದಲ್ಲಿ ನೀರು ಮತ್ತು ಆಮ್ಲಜನಕವಾಗಿ ಒಡೆಯುವುದು.

`2 H2O2 → 2 H2O + O2`

ಆಗಾಗ ಒಂದಿಷ್ಟು ದ್ರಾವಣವನ್ನು ಹೊರತೆಗೆದು, ಅದರಲ್ಲಿ ಎಷ್ಟು ಪೆರಾಕ್ಸೈಡ್ ಉಳಿದಿದೆ ಎಂಬುದನ್ನು ಪೊಟ್ಯಾಸಿಯಂ ಪರ್ಮಾಂಗನೇಟಿನಿಂದ ಟೈಟ್ರೇಷನ್ ಮಾಡಿ ತಿಳಿಯುತ್ತೇವೆ.

## ದ್ರಾವಣಗಳ ತಯಾರಿ

ಪೆರಾಕ್ಸೈಡಿನ ಬಾಟಲಿಯ ಮೇಲೆ '20 ವಾಲ್ಯೂಮ್' ಎಂದು ಬರೆದಿದ್ದರೆ, 1 ಲೀಟರ್ ದ್ರಾವಣ 20 ಲೀಟರ್ ಆಮ್ಲಜನಕ ಕೊಡುತ್ತದೆ ಎಂದರ್ಥ. ಲೆಕ್ಕ ಹಾಕಿದರೆ ಅದು ಲೀಟರಿಗೆ ಸುಮಾರು 1.79 ಮೋಲ್. ಇದರ 14 ಮಿ.ಲೀ. ತೆಗೆದುಕೊಂಡು ಭಟ್ಟಿ ಇಳಿಸಿದ ನೀರು ಸೇರಿಸಿ ಒಟ್ಟು 120 ಮಿ.ಲೀ. ಮಾಡಿ. ಹಳೆಯ ಬಾಟಲಿಯಾದರೆ ಅದರ ಶಕ್ತಿ ಕುಂದಿರುತ್ತದೆ. ಇದರಿಂದ ಪ್ರಯೋಗಕ್ಕೆ ತೊಂದರೆಯಿಲ್ಲ, ಏಕೆಂದರೆ ಆರಂಭದ ಸಾರತೆಯನ್ನು ನಾವು ಬಾಟಲಿಯ ಚೀಟಿಯಿಂದ ತೆಗೆದುಕೊಳ್ಳದೆ ಅಳೆದೇ ತಿಳಿಯುತ್ತೇವೆ.

ಈ 120 ಮಿ.ಲೀ.ನಲ್ಲಿ 24 ಮಿ.ಲೀ. ಬೇರೆ ಫ್ಲಾಸ್ಕಿಗೆ ತೆಗೆದು ಅದಕ್ಕೆ 1 ಮಿ.ಲೀ. ನೀರು ಸೇರಿಸಿ. ಸೊನ್ನೆ ನಿಮಿಷದ ಅಳತೆ ಇದರಿಂದ ಬರುತ್ತದೆ. ಉಳಿದ 96 ಮಿ.ಲೀ.ಗೆ 4 ಮಿ.ಲೀ. ಫೆರಿಕ್ ಕ್ಲೋರೈಡ್ ದ್ರಾವಣ ಸೇರಿಸಿದಾಗ ಕ್ರಿಯೆ ಶುರು. ಎರಡರಲ್ಲೂ ದುರ್ಬಲಗೊಳಿಸಿದ ಪ್ರಮಾಣ ಒಂದೇ, ಹಾಗಾಗಿ ಸೊನ್ನೆಯ ಸಾರತೆ ನಿಜವಾಗಿಯೂ ಮಿಶ್ರಣದ ಆರಂಭದ ಸಾರತೆಯೇ ಆಗಿರುತ್ತದೆ. ಕ್ರಿಯಾವರ್ಧಕ ಸೇರಿಸುವ ಮುಂಚಿನ ದ್ರಾವಣವನ್ನೇ ಟೈಟ್ರೇಟ್ ಮಾಡಿ ಸೊನ್ನೆ ಎಂದು ಬರೆದುಕೊಂಡರೆ ಮೊದಲ ಬಿಂದು ಶೇಕಡಾ 4ರಷ್ಟು ಮೇಲೆ ಕೂರುತ್ತದೆ, ಆರಂಭದ ವೇಗ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ.

ಫೆರಿಕ್ ಕ್ಲೋರೈಡ್ ಎಷ್ಟು ಗಾಢವಾಗಿರಬೇಕು ಎಂಬುದನ್ನು ಮೊದಲೇ ಒಂದು ಸಣ್ಣ ಪ್ರಯತ್ನ ಮಾಡಿ ಗೊತ್ತುಮಾಡಿಕೊಳ್ಳಿ. ಪೆರಾಕ್ಸೈಡ್ ಅರ್ಧಕ್ಕೆ ಇಳಿಯಲು 10ರಿಂದ 15 ನಿಮಿಷ ಹಿಡಿದರೆ ಕೈಗೆ ಅನುಕೂಲ. ಅದಕ್ಕಿಂತ ಬೇಗನಾದರೆ ಒಂದು ಟೈಟ್ರೇಷನ್ ಮುಗಿಯುವಷ್ಟರಲ್ಲಿ ಮುಂದಿನದರ ಹೊತ್ತು ಮೀರುತ್ತದೆ. ಕ್ರಿಯಾವರ್ಧಕವನ್ನು ಅತಿಯಾಗಿ ಸುರಿಯಬಾರದು ಎಂಬುದಕ್ಕೆ ಇನ್ನೊಂದು ಕಾರಣವಿದೆ: ಕಬ್ಬಿಣದ ಅಯಾನುಗಳು ಜೊತೆಗಿದ್ದಾಗ ಕ್ಲೋರೈಡ್ ಕೂಡ ಒಂದಷ್ಟು ಪರ್ಮಾಂಗನೇಟನ್ನು ಬಳಸಿಕೊಳ್ಳುತ್ತದೆ, ಓದು ಹೆಚ್ಚು ಬರುತ್ತದೆ.

ಪಕ್ಕದಲ್ಲಿ ಎಂಟು ಕೋನಿಕಲ್ ಫ್ಲಾಸ್ಕುಗಳಲ್ಲಿ ತಲಾ 20 ಮಿ.ಲೀ. ದುರ್ಬಲ ಸಲ್ಫ್ಯೂರಿಕ್ ಆಮ್ಲ (ಲೀಟರಿಗೆ ಸುಮಾರು 1 ಮೋಲ್) ಹಾಕಿ ಐಸ್ ನೀರಿನಲ್ಲಿ ಇಟ್ಟಿರಿ. ಬ್ಯೂರೆಟ್ಟಿನಲ್ಲಿ ಲೀಟರಿಗೆ 0.02 ಮೋಲ್ ಪರ್ಮಾಂಗನೇಟ್ ಇರಲಿ. ಕ್ರಿಯೆ ನಡೆಯುವ ಫ್ಲಾಸ್ಕಿಗೆ ಬಿರಟೆ ಹಾಕಬೇಡಿ. ಆಮ್ಲಜನಕಕ್ಕೆ ಹೊರಹೋಗಲು ದಾರಿ ಬೇಕು.

## ಅಳತೆ

ಕ್ರಿಯಾವರ್ಧಕ ಸೇರಿಸಿದ ಕೂಡಲೇ ಸ್ಟಾಪ್‌ವಾಚ್ ಒತ್ತಿ, ಚೆನ್ನಾಗಿ ಅಲ್ಲಾಡಿಸಿ. ಗೊತ್ತುಮಾಡಿದ ಹೊತ್ತಿಗೆ ಸರಿಯಾಗಿ 5 ಮಿ.ಲೀ. ಪಿಪೆಟ್ಟಿನಿಂದ ತೆಗೆದು ತಣ್ಣನೆಯ ಆಮ್ಲಕ್ಕೆ ಬಿಡಿ. ತಣ್ಣಗಿರುವುದು ಮತ್ತು ಆಮ್ಲೀಯವಾಗಿರುವುದು ಎರಡೂ ಸೇರಿ ಕ್ರಿಯೆಯನ್ನು ಬಹುಮಟ್ಟಿಗೆ ನಿಲ್ಲಿಸುತ್ತವೆ. ಪಿಪೆಟ್ ಖಾಲಿಯಾಗಲು ಹತ್ತು ಹದಿನೈದು ಸೆಕೆಂಡು ಬೇಕು. ಅರ್ಧ ಖಾಲಿಯಾದ ಕ್ಷಣವನ್ನೇ ಆ ಅಳತೆಯ ಹೊತ್ತು ಎಂದು ಬರೆದುಕೊಳ್ಳಿ, ಎಲ್ಲ ಅಳತೆಗೂ ಇದೇ ನಿಯಮ ಇರಲಿ.

ಇಲ್ಲಿ ಹೆಚ್ಚಾಗಿ ಕಾಡುವುದು ಗುಳ್ಳೆ. ದ್ರಾವಣದಲ್ಲಿ ಆಮ್ಲಜನಕ ಹುಟ್ಟುತ್ತಲೇ ಇರುವುದರಿಂದ ಪಿಪೆಟ್ಟಿನ ಒಳಗೋಡೆಗೂ ಸಣ್ಣ ಗುಳ್ಳೆಗಳು ಅಂಟಿಕೊಳ್ಳುತ್ತವೆ. ಪಿಪೆಟ್ಟಿನ ಗುರುತಿನವರೆಗೆ ದ್ರಾವಣ ಇದ್ದರೂ ಒಳಗಿರುವುದು 5 ಮಿ.ಲೀ.ಗಿಂತ ಕಡಿಮೆ. ಅಂಥ ಒಂದು ಅಳತೆ ಗ್ರಾಫಿನಲ್ಲಿ ರೇಖೆಯಿಂದ ಕೆಳಗೆ ಜಾರಿ ಕೂರುತ್ತದೆ. ಫ್ಲಾಸ್ಕನ್ನು ಒಮ್ಮೆ ಗುಂಡಗೆ ಅಲ್ಲಾಡಿಸಿ ಗುಳ್ಳೆ ಬಿಡಿಸಿ, ಆಮೇಲೆ ನಿಧಾನವಾಗಿ ಎಳೆದುಕೊಂಡರೆ ಇದು ಬಹಳ ಕಡಿಮೆಯಾಗುತ್ತದೆ.

ಟೈಟ್ರೇಷನ್ನಿನಲ್ಲಿ ಮೊದಲ ಕೆಲವು ಹನಿಗಳ ಗುಲಾಬಿ ಬಣ್ಣ ನಿಧಾನವಾಗಿ ಹೋಗುತ್ತದೆ. ಮ್ಯಾಂಗನೀಸ್ ಅಯಾನು ಸ್ವಲ್ಪ ಹುಟ್ಟಿದ ಮೇಲೆ ಅದೇ ಕ್ರಿಯೆಯನ್ನು ಚುರುಕುಗೊಳಿಸುತ್ತದೆ. ಆ ಮೊದಲ ಹನಿಗಳ ಬಣ್ಣವನ್ನು ಕೊನೆಯ ಬಿಂದು ಎಂದು ತಿಳಿದು ನಿಲ್ಲಿಸಬಾರದು. ಕಂದು ಬಣ್ಣದ ಕದಡು ಕಂಡರೆ ಆಮ್ಲ ಸಾಲದೆಂದು ಅರ್ಥ, ಆ ಅಳತೆಯನ್ನು ಬಿಟ್ಟುಬಿಡಿ. ಪರ್ಮಾಂಗನೇಟಿನ ಬಣ್ಣ ಗಾಢವಾಗಿರುವುದರಿಂದ ಬ್ಯೂರೆಟ್ಟಿನಲ್ಲಿ ದ್ರಾವಣದ ಬಾಗಿದ ಮೇಲ್ಮೈಯ ಕೆಳಗಿನ ಅಂಚು ಕಾಣುವುದಿಲ್ಲ. ಮೇಲಿನ ಅಂಚನ್ನು ಓದಿ, ಆರಂಭದ ಓದಿನಲ್ಲೂ ಕೊನೆಯ ಓದಿನಲ್ಲೂ ಹಾಗೇ ಮಾಡಿ.

ಎರಡು ಮೋಲ್ ಪರ್ಮಾಂಗನೇಟಿಗೆ ಐದು ಮೋಲ್ ಪೆರಾಕ್ಸೈಡ್ ಖರ್ಚಾಗುತ್ತದೆ. 0.02 ಮೋಲ್ ದ್ರಾವಣ ಮತ್ತು 5 ಮಿ.ಲೀ. ಪಿಪೆಟ್ ಆರಿಸಿದ್ದರ ಲಾಭ ಈಗ ಸಿಗುತ್ತದೆ:

`[H2O2] = (5/2) × 0.02 × V / 5 = 0.01 × V`

ಬ್ಯೂರೆಟ್ಟಿನ ಓದನ್ನು ನೂರರಿಂದ ಭಾಗಿಸಿದರೆ ಅದೇ ಸಾರತೆ, ಲೀಟರಿಗೆ ಮೋಲ್‌ಗಳಲ್ಲಿ.

## ಅಂಕಿಗಳು

ಇಂಥ ಪ್ರಯೋಗದಲ್ಲಿ ಬರುವಂತೆ, ಲೆಕ್ಕ ತೋರಿಸುವುದಕ್ಕೆಂದೇ ಹೊಂದಿಸಿದ ಅಂಕಿಗಳು ಇವು. ಬ್ಯೂರೆಟ್ಟನ್ನು 0.05 ಮಿ.ಲೀ.ವರೆಗೆ ಓದಿದೆ ಎಂದು ಇಟ್ಟುಕೊಂಡಿದೆ.

| ಸಮಯ (ನಿಮಿಷ) | ಪರ್ಮಾಂಗನೇಟ್ (ಮಿ.ಲೀ.) | ಸಾರತೆ (ಮೋಲ್/ಲೀಟರ್) |
|---|---|---|
| 0 | 20.00 | 0.2000 |
| 5 | 15.60 | 0.1560 |
| 10 | 12.15 | 0.1215 |
| 15 | 9.45 | 0.0945 |
| 20 | 7.35 | 0.0735 |
| 25 | 5.75 | 0.0575 |
| 30 | 4.45 | 0.0445 |
| 40 | 2.70 | 0.0270 |

ಈಗ ಮೊದಲಿನ ಪ್ರಶ್ನೆ. 10ನೇ ನಿಮಿಷದಲ್ಲಿ ಪೆರಾಕ್ಸೈಡ್ ಎಷ್ಟು ವೇಗವಾಗಿ ಕಡಿಮೆಯಾಗುತ್ತಿತ್ತು?

ಒಬ್ಬ ವಿದ್ಯಾರ್ಥಿ 5ರಿಂದ 10ರವರೆಗಿನ ಇಳಿಕೆಯನ್ನು ತೆಗೆದುಕೊಳ್ಳುತ್ತಾನೆ: 0.0345 ಭಾಗ 5, ಅಂದರೆ 0.0069. ಇನ್ನೊಬ್ಬಳು 10ರಿಂದ 15ರವರೆಗೆ: 0.0270 ಭಾಗ 5, ಅಂದರೆ 0.0054. ಇಬ್ಬರ ಭಾಗಾಕಾರವೂ ಸರಿ, ಆದರೂ ಎರಡು ಉತ್ತರಗಳ ನಡುವೆ ಭಾರಿ ಅಂತರ. ತಪ್ಪಿರುವುದು ಒಂದೇ ಕಡೆ: ಆ ಅಂಕಿಗಳು 10ನೇ ನಿಮಿಷಕ್ಕೆ ಸೇರಿದವಲ್ಲ.

ಎರಡು ಬಿಂದುಗಳನ್ನು ಸೇರಿಸುವ ಸರಳರೇಖೆಯನ್ನು ಜ್ಯಾ ಎನ್ನೋಣ. ಅದರ ಇಳಿಜಾರು ಆ ಅವಧಿಯ ಸರಾಸರಿ ವೇಗ. ವಕ್ರರೇಖೆ ಒಂದೇ ಕಡೆಗೆ ಮೃದುವಾಗಿ ಬಾಗಿದ್ದರೆ, ಈ ಸರಾಸರಿ ವೇಗ ಅವಧಿಯ ನಟ್ಟನಡುವಿನ ಕ್ಷಣದ ನಿಜವಾದ ವೇಗಕ್ಕೆ ತೀರ ಹತ್ತಿರ ಇರುತ್ತದೆ. ತುದಿಗಳಲ್ಲಿ ಹಾಗಿರುವುದಿಲ್ಲ. ಹಾಗಾಗಿ 0.0069 ಎಂಬುದು 7.5ನೇ ನಿಮಿಷದ ವೇಗ, 0.0054 ಎಂಬುದು 12.5ನೇ ನಿಮಿಷದ್ದು. ಇದೊಂದನ್ನು ಸರಿಯಾಗಿ ಹಿಡಿದುಕೊಂಡರೆ ಕೋಷ್ಟಕದ ಅರ್ಧಕ್ಕರ್ಧ ತಪ್ಪುಗಳು ತಾವಾಗಿ ಹೋಗುತ್ತವೆ.

10ನೇ ನಿಮಿಷದ ವೇಗ ಬೇಕೆಂದರೆ 10 ನಡುವೆ ಬರುವಂಥ ಜ್ಯಾ ಆರಿಸಬೇಕು. 5ನೇ ನಿಮಿಷದಿಂದ 15ನೇ ನಿಮಿಷಕ್ಕೆ:

`(0.1560 - 0.0945) / 10 = 0.00615`

ಅಂದರೆ ನಿಮಿಷಕ್ಕೆ ಲೀಟರಿಗೆ 0.00615 ಮೋಲ್. ಈ ಅಂಕಿಗಳ ಹಿಂದಿರುವ ನಯವಾದ ರೇಖೆಯ ನಿಖರ ಇಳಿಜಾರು 0.00607. ವ್ಯತ್ಯಾಸ ಶೇಕಡಾ ಒಂದಕ್ಕಿಂತ ತುಸು ಹೆಚ್ಚು, ಅಷ್ಟೇ.

## ಜ್ಯಾ ಎಷ್ಟು ಅಗಲ ಇರಬೇಕು?

ಡೆರಿವೇಟಿವ್‌ನ ವ್ಯಾಖ್ಯೆ ಹೇಳುವುದು, ಅವಧಿಯನ್ನು ಕಿರಿದು ಮಾಡುತ್ತ ಮಾಡುತ್ತ ಸೊನ್ನೆಯ ಹತ್ತಿರಕ್ಕೆ ಒಯ್ಯಬೇಕು ಎಂದು. ಗಣಿತದಲ್ಲಿ ಅದು ಸರಿ, ಏಕೆಂದರೆ ಅಲ್ಲಿ ಸಾರತೆಗಳಲ್ಲಿ ದೋಷವಿಲ್ಲ. ಬ್ಯೂರೆಟ್ಟಿನ ಅಂಕಿಗಳ ಮೇಲೆ ಹಾಗೆ ಮಾಡಿದರೆ ಉತ್ತರ ಕೆಡುತ್ತದೆ.

9ನೇ ಮತ್ತು 11ನೇ ನಿಮಿಷದಲ್ಲಿ ಅಳತೆ ತೆಗೆದಿದ್ದೀರಿ ಎಂದುಕೊಳ್ಳಿ. ಆ ಎರಡು ನಿಮಿಷಗಳಲ್ಲಿ ಸಾರತೆ ಇಳಿಯುವುದು ಸುಮಾರು 0.012, ಅಂದರೆ ಬ್ಯೂರೆಟ್ಟಿನಲ್ಲಿ 1.2 ಮಿ.ಲೀ. ಪ್ರತಿ ಟೈಟ್ರೇಷನ್ನಿನಲ್ಲಿ 0.05 ಮಿ.ಲೀ. ಆಚೀಚೆ ಆಗುವುದು ಸಹಜ. ಎರಡೂ ವಿರುದ್ಧ ದಿಕ್ಕಿಗೆ ತಪ್ಪಿದರೆ 1.2ರಲ್ಲಿ 0.1 ಹೋಯಿತು, ಶೇಕಡಾ 8ರ ದೋಷ. 5 ಮತ್ತು 15ರ ನಡುವೆ ಆದರೆ ಇಳಿಕೆ 6.15 ಮಿ.ಲೀ. ಇರುವುದರಿಂದ ಅದೇ 0.1 ಮಿ.ಲೀ. ದೋಷ ಶೇಕಡಾ 1.6ಕ್ಕೆ ಇಳಿಯುತ್ತದೆ.

ಹಾಗೆಂದು ಅಗಲ ಮಾಡುತ್ತಲೇ ಹೋಗುವಂತೆಯೂ ಇಲ್ಲ. 0ಯಿಂದ 20ರವರೆಗಿನ ಜ್ಯಾ ಕೂಡ 10ನ್ನು ನಡುವೆ ಇಟ್ಟುಕೊಂಡಿದೆ. ಅದರ ಇಳಿಜಾರು 0.1265 ಭಾಗ 20, ಅಂದರೆ 0.00633. ಇದು ನಿಖರ ಬೆಲೆಗಿಂತ ಶೇಕಡಾ 4ರಷ್ಟು ಹೆಚ್ಚು. ರೇಖೆ ಬಾಗಿರುವುದರಿಂದ ಬರುವ ದೋಷ ಇದು, ಟೈಟ್ರೇಷನ್ ಎಷ್ಟೇ ನಾಜೂಕಾಗಿ ಮಾಡಿದರೂ ಹೋಗುವುದಿಲ್ಲ. ಅಗಲ ಎರಡರಷ್ಟಾದರೆ ಈ ದೋಷ ನಾಲ್ಕರಷ್ಟಾಗುತ್ತದೆ: 10 ನಿಮಿಷದ ಜ್ಯಾದಲ್ಲಿ ಶೇಕಡಾ 1, 20 ನಿಮಿಷದ್ದರಲ್ಲಿ ಶೇಕಡಾ 4.

ಹೀಗೆ ಒಂದು ದೋಷ ಜ್ಯಾ ಕಿರಿದಾದಷ್ಟೂ ಏರುತ್ತದೆ, ಇನ್ನೊಂದು ಅಗಲವಾದಷ್ಟೂ ಏರುತ್ತದೆ. ಎರಡೂ ಹೆಚ್ಚುಕಡಿಮೆ ಸಮ ಇರುವ ಕಡೆ ನಿಲ್ಲುವುದೇ ಜಾಣತನ. ಈ ಪ್ರಯೋಗದಂಥ ಪ್ರಥಮ ವರ್ಗದ ಕ್ರಿಯೆಗೆ ಒಂದು ಸುಲಭ ಅಳತೆಗೋಲು ಇದೆ. ಜ್ಯಾದ ಒಟ್ಟು ಅಗಲ ಅರ್ಧಾಯುವಿನಷ್ಟೇ ಇದ್ದರೆ ಬಾಗಿನ ದೋಷ ಶೇಕಡಾ 2. ಇಲ್ಲಿ ಅರ್ಧಾಯು ಸುಮಾರು 14 ನಿಮಿಷ, ಆದ್ದರಿಂದ 10 ನಿಮಿಷದ ಜ್ಯಾ ಹದವಾಗಿದೆ.

## ಗ್ರಾಫ್ ಹಾಳೆಯಲ್ಲಿ ಸ್ಪರ್ಶಕ

ಕೋಷ್ಟಕದಲ್ಲಿ ಇರುವ ಹೊತ್ತುಗಳಿಗೆ ಮೇಲಿನ ಲೆಕ್ಕ ಸಾಕು. ಪರೀಕ್ಷೆಯಲ್ಲಿ ಕೇಳುವುದು, ಮತ್ತು ಅಳತೆಗಳು ಅಂಕುಡೊಂಕಾಗಿದ್ದಾಗ ನಿಜಕ್ಕೂ ಸಹಾಯಕ್ಕೆ ಬರುವುದು, ಕೈಯಿಂದ ಎಳೆದ ಸ್ಪರ್ಶಕ. ಎಂಟೂ ಬಿಂದುಗಳು ಸೇರಿ ರೇಖೆಯ ಆಕಾರ ತೀರ್ಮಾನಿಸುವುದರಿಂದ ಒಂದು ಕೆಟ್ಟ ಅಳತೆ ಇಡೀ ಉತ್ತರವನ್ನು ಕೆಡಿಸಲಾರದು.

ಹಾಳೆಯನ್ನು ಉದ್ದುದ್ದಕ್ಕೆ ಹಿಡಿಯಿರಿ. ನಿಂತ ಅಕ್ಷದಲ್ಲಿ 1 ಸೆಂ.ಮೀ.ಗೆ 0.01 ಮೋಲ್/ಲೀಟರ್, ಮಲಗಿದ ಅಕ್ಷದಲ್ಲಿ 2 ಸೆಂ.ಮೀ.ಗೆ 5 ನಿಮಿಷ. ಆಗ ಚಿತ್ರ 20 ಸೆಂ.ಮೀ. ಎತ್ತರ, 16 ಸೆಂ.ಮೀ. ಅಗಲ ಬರುತ್ತದೆ. ಬಿಂದುಗಳನ್ನು ಚೂಪಾದ ಪೆನ್ಸಿಲಿನಿಂದ ಸಣ್ಣ ಗುಣಿಸು ಚಿಹ್ನೆಯಾಗಿ ಗುರುತಿಸಿ. ಆಮೇಲೆ ಹಾಳೆಯನ್ನು ತಿರುಗಿಸಿ, ರೇಖೆಯ ಬಾಗಿದ ಒಳಭಾಗ ನಿಮ್ಮ ಕೈ ಕಡೆಗೆ ಬರುವಂತೆ ಇಟ್ಟುಕೊಂಡು, ಮೊಣಕೈ ಊರಿ ಒಂದೇ ಎಳೆತದಲ್ಲಿ ರೇಖೆ ಎಳೆಯಿರಿ. ಎಲ್ಲ ಬಿಂದುಗಳನ್ನೂ ಮುಟ್ಟಲೇಬೇಕೆಂದು ಹಟ ಹಿಡಿಯಬಾರದು. ಮುಟ್ಟಲು ಹೋದರೆ ರೇಖೆಯಲ್ಲಿ ಸಣ್ಣ ಸಣ್ಣ ಅಲೆಗಳು ಹುಟ್ಟುತ್ತವೆ. ಸಾರತೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಅಲೆ ಇಳಿಜಾರಿನಲ್ಲಿ ದೊಡ್ಡ ಏರುಪೇರಾಗುತ್ತದೆ. ಒಂದೆರಡು ಬಿಂದು ರೇಖೆಯ ಮೇಲೆ, ಒಂದೆರಡು ಕೆಳಗೆ ಉಳಿಯುವುದು ಒಳ್ಳೆಯ ಲಕ್ಷಣ.

10ನೇ ನಿಮಿಷದಲ್ಲಿ ಸ್ಪರ್ಶಕ ಎಳೆಯಲು ಬರಿಗಣ್ಣನ್ನು ನಂಬುವುದಕ್ಕಿಂತ ಸಣ್ಣ ಚಪ್ಪಟೆ ಕನ್ನಡಿಯ ಪಟ್ಟಿ ಮೇಲು. ಪಟ್ಟಿಯನ್ನು ಹಾಳೆಯ ಮೇಲೆ ನೆಟ್ಟಗೆ ನಿಲ್ಲಿಸಿ, ಅದರ ಅಂಚು ರೇಖೆಯನ್ನು ಬೇಕಾದ ಬಿಂದುವಿನಲ್ಲಿ ಅಡ್ಡ ಹಾಯುವಂತೆ ಇಡಿ. ಕನ್ನಡಿಯಲ್ಲಿ ರೇಖೆಯ ಪ್ರತಿಬಿಂಬ ಕಾಣುತ್ತದೆ. ಸಾಮಾನ್ಯವಾಗಿ ರೇಖೆ ಮತ್ತು ಪ್ರತಿಬಿಂಬ ಸೇರುವಲ್ಲಿ ಒಂದು ಮುರಿವು ಕಾಣಿಸುತ್ತದೆ. ಬಿಂದುವನ್ನು ಬಿಡದೆ ಕನ್ನಡಿಯನ್ನು ಅತ್ತಿತ್ತ ಸ್ವಲ್ಪ ತಿರುಗಿಸಿ, ಮುರಿವು ಮಾಯವಾಗಿ ರೇಖೆ ಕನ್ನಡಿಯೊಳಕ್ಕೆ ಹಾಗೇ ಮುಂದುವರಿದಂತೆ ಕಂಡಾಗ ನಿಲ್ಲಿಸಿ. ಈಗ ಕನ್ನಡಿಯ ಅಂಚಿನಗುಂಟ ಎಳೆದ ಗೆರೆ ರೇಖೆಗೆ ಲಂಬ. ಸೆಟ್‌ಸ್ಕ್ವೇರ್ ಇಟ್ಟು ಆ ಲಂಬಕ್ಕೆ 90 ಡಿಗ್ರಿಯಲ್ಲಿ ಎಳೆದ ಗೆರೆಯೇ ಸ್ಪರ್ಶಕ.

ಇಲ್ಲಿ ಒಂದು ಅಡ್ಡದಾರಿ ತುಂಬಾ ಜನರನ್ನು ಬೀಳಿಸುತ್ತದೆ. ಲಂಬದ ಇಳಿಜಾರನ್ನೇ ಅಕ್ಷಗಳ ಅಂಕಿಗಳಿಂದ ಓದಿಕೊಂಡು, "ಪರಸ್ಪರ ಲಂಬವಾದ ರೇಖೆಗಳ ಇಳಿಜಾರುಗಳ ಗುಣಲಬ್ಧ −1" ಎಂಬ ಸೂತ್ರ ಹಾಕಿ ಸ್ಪರ್ಶಕದ ಇಳಿಜಾರು ತೆಗೆಯುತ್ತಾರೆ. ಆ ಸೂತ್ರ ನಡೆಯುವುದು ಎರಡೂ ಅಕ್ಷಗಳಲ್ಲಿ ಒಂದೇ ಅಳತೆ ಇದ್ದಾಗ ಮಾತ್ರ. ನಮ್ಮ ಹಾಳೆಯಲ್ಲಿ ಹಾಗೆ ಮಾಡಿದರೆ 0.006ರ ಬದಲು 380ರ ಆಸುಪಾಸಿನ ಒಂದು ಅಂಕಿ ಬರುತ್ತದೆ. ಸ್ಪರ್ಶಕವನ್ನು ಹಾಳೆಯ ಮೇಲೆ ಎಳೆದೇ ತೀರಬೇಕು.

ಎಳೆದ ಸ್ಪರ್ಶಕವನ್ನು ಎರಡೂ ಅಕ್ಷಗಳನ್ನು ಮುಟ್ಟುವವರೆಗೆ ಚಾಚಿ. ನಿಂತ ಅಕ್ಷವನ್ನು ಅದು ಸುಮಾರು 0.182ರಲ್ಲಿ, ಮಲಗಿದ ಅಕ್ಷವನ್ನು ಸುಮಾರು 30ನೇ ನಿಮಿಷದಲ್ಲಿ ಮುಟ್ಟುತ್ತದೆ. ಇಳಿಜಾರು:

`(0 - 0.182) / (30 - 0) = -0.0061`

ಸ್ಪರ್ಶಕದ ಮೇಲೆ ಹತ್ತಿರ ಹತ್ತಿರದ ಎರಡು ಬಿಂದು ಆರಿಸಿದರೆ ಅರ್ಧ ಮಿಲಿಮೀಟರಿನ ಓದುವ ತಪ್ಪೂ ಭಾರವಾಗುತ್ತದೆ, 18 ಸೆಂ.ಮೀ. ಎತ್ತರದಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ. ಇನ್ನೊಂದು ಮಾತು: ಬಿಂದುಗಳನ್ನು ಸ್ಪರ್ಶಕದ ಮೇಲಿಂದಲೇ ಓದಬೇಕು, ವಕ್ರರೇಖೆಯ ಮೇಲಿಂದಲೋ ಕೋಷ್ಟಕದಿಂದಲೋ ಅಲ್ಲ.

ಉಳಿಯುವ ದೋಷವೆಲ್ಲ ಸ್ಪರ್ಶಕದ ಕೋನದ್ದು. ನಮ್ಮ ಹಾಳೆಯಲ್ಲಿ ಅದು ಸುಮಾರು 57 ಡಿಗ್ರಿ ಇಳಿಜಾರಾಗಿದೆ, ಕೈ 2 ಡಿಗ್ರಿ ತಪ್ಪಿದರೆ ವೇಗದಲ್ಲಿ ಶೇಕಡಾ 7ರಿಂದ 8 ತಪ್ಪು. ಸ್ಪರ್ಶಕ 45 ಡಿಗ್ರಿಯ ಹತ್ತಿರ ಇದ್ದಾಗ ಈ ತಪ್ಪು ಅತಿ ಕಡಿಮೆ. ಅದೇ ಹಾಳೆಯಲ್ಲಿ 40ನೇ ನಿಮಿಷದ ಸ್ಪರ್ಶಕ 20 ಡಿಗ್ರಿಗಿಂತಲೂ ಚಪ್ಪಟೆ, ಅಲ್ಲಿ ಅದೇ 2 ಡಿಗ್ರಿ ಶೇಕಡಾ 12ರ ಹತ್ತಿರ ಹೋಗುತ್ತದೆ. ಬಾಲದ ಭಾಗದ ವೇಗ ಬೇಕಿದ್ದರೆ 20ನೇ ನಿಮಿಷದಿಂದಾಚೆಯ ಬಿಂದುಗಳನ್ನು ಬೇರೆ ಹಾಳೆಯಲ್ಲಿ, ನಿಂತ ಅಕ್ಷವನ್ನು ಹಿಗ್ಗಿಸಿ ಮತ್ತೆ ಗುರುತಿಸಿ.

## ಪಡೆದ ವೇಗ ಸರಿಯೇ?

ನಡುವಿನ ಐದು ಬಿಂದುಗಳಿಗೆ 10 ನಿಮಿಷದ ಜ್ಯಾದಿಂದ ವೇಗ ತೆಗೆದು, ಅದನ್ನು ಆಯಾ ಸಾರತೆಯಿಂದ ಭಾಗಿಸೋಣ.

| ಸಮಯ | ವೇಗ | ಸಾರತೆ | ವೇಗ ÷ ಸಾರತೆ |
|---|---|---|---|
| 5 | 0.00785 | 0.1560 | 0.0503 |
| 10 | 0.00615 | 0.1215 | 0.0506 |
| 15 | 0.00480 | 0.0945 | 0.0508 |
| 20 | 0.00370 | 0.0735 | 0.0503 |
| 25 | 0.00290 | 0.0575 | 0.0504 |

ಕೊನೆಯ ಕಂಬ ಬಹುತೇಕ ಒಂದೇ ಬೆಲೆಯಲ್ಲಿ ನಿಂತಿದೆ. ವೇಗ ಸಾರತೆಗೆ ನೇರ ಅನುಪಾತದಲ್ಲಿದೆ, ಕ್ರಿಯೆ ಪ್ರಥಮ ವರ್ಗದ್ದು, ವೇಗ ಸ್ಥಿರಾಂಕ ನಿಮಿಷಕ್ಕೆ 0.0505ರ ಆಸುಪಾಸು. 1850ರಲ್ಲಿ ಲುಡ್ವಿಗ್ ವಿಲ್ಹೆಲ್ಮಿ ಆಮ್ಲದಲ್ಲಿ ಸಕ್ಕರೆ ಒಡೆಯುವುದನ್ನು ಪೋಲಾರಿಮೀಟರಿನಿಂದ ಅಳೆದು ಬರೆದದ್ದೂ ಇದೇ ಸಂಬಂಧವನ್ನು.

ಲಾಗರಿದಮ್ ದಾರಿಯಿಂದಲೂ ಒಮ್ಮೆ ನೋಡಬಹುದು. `ln(0.2000/0.0270) / 40` ಎಂದರೆ 0.0501. ಜ್ಯಾಗಳಿಂದ ಬಂದದ್ದು ಇದಕ್ಕಿಂತ ಶೇಕಡಾ ಒಂದರಷ್ಟು ಮೇಲಿದೆ. ಅದು ಆಗಲೇ ಹೇಳಿದ ಬಾಗಿನ ದೋಷ. ಎಲ್ಲ ಬಿಂದುಗಳಲ್ಲೂ ಒಂದೇ ದಿಕ್ಕಿಗೆ, ಒಂದೇ ಪ್ರಮಾಣದಲ್ಲಿ ಇರುವುದರಿಂದ ಟೈಟ್ರೇಷನ್ನಿನ ಏರುಪೇರಿನಿಂದ ಅದನ್ನು ಬೇರ್ಪಡಿಸಿ ಗುರುತಿಸಲು ಆಗುತ್ತದೆ.

ಕೈಯಿಂದ ಎಳೆದ ಸ್ಪರ್ಶಕಕ್ಕೆ ಇನ್ನೊಂದು ಚೆಂದದ ಪರೀಕ್ಷೆ ಇದೆ. ಪ್ರಥಮ ವರ್ಗದ ಕ್ರಿಯೆಯಲ್ಲಿ ಯಾವ ಬಿಂದುವಿನಿಂದ ಹೊರಟ ಸ್ಪರ್ಶಕವಾದರೂ ಮಲಗಿದ ಅಕ್ಷವನ್ನು ಅಷ್ಟೇ ನಿಮಿಷಗಳ ನಂತರ ಮುಟ್ಟುತ್ತದೆ. ಇಲ್ಲಿ ಆ ಅಂತರ 20 ನಿಮಿಷ, ಅಂದರೆ ವೇಗ ಸ್ಥಿರಾಂಕದ ವಿಲೋಮ. 10ರ ಸ್ಪರ್ಶಕ 30ಕ್ಕೆ, 15ರದ್ದು 35ಕ್ಕೆ, 20ರದ್ದು 40ಕ್ಕೆ ಹೋಗಿ ಮುಟ್ಟಬೇಕು. 15ರ ಸ್ಪರ್ಶಕ 38ಕ್ಕೆ ಹೋಗಿದ್ದರೆ ಅದನ್ನು ಮತ್ತೆ ಎಳೆಯಿರಿ.

## ಆರಂಭದ ವೇಗ

ಸೊನ್ನೆ ನಿಮಿಷದಲ್ಲಿ ತೊಡಕು ಹೆಚ್ಚು, ಏಕೆಂದರೆ ಅದರ ಎಡಗಡೆ ಬಿಂದುವೇ ಇಲ್ಲ, ನಡುವೆ ಇಟ್ಟುಕೊಳ್ಳುವ ಜ್ಯಾ ಸಿಗುವುದಿಲ್ಲ. ಮೊದಲ ಐದು ನಿಮಿಷದ ಸರಾಸರಿ 0.0088 ಎಂದು ಬರೆದರೆ ಅದು 2.5ನೇ ನಿಮಿಷದ ವೇಗ. ನಿಜವಾದ ಆರಂಭದ ವೇಗ 0.0100ರ ಹತ್ತಿರ, ಶೇಕಡಾ 12 ಕಡಿಮೆ ಬರೆದಂತಾಯಿತು. ಸಮ ಅಂತರದ ಮೊದಲ ಮೂರು ಬಿಂದುಗಳನ್ನು ಬಳಸುವ ಈ ಸೂತ್ರ ಬಾಗನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ:

`(3×0.2000 - 4×0.1560 + 0.1215) / 10 = 0.00975`

ದೋಷ ಶೇಕಡಾ 2.5ಕ್ಕೆ ಇಳಿಯಿತು. ಆದರೆ ಇಲ್ಲಿ 5ನೇ ನಿಮಿಷದ ಅಳತೆಯನ್ನು ನಾಲ್ಕರಿಂದ ಗುಣಿಸಿದ್ದೇವೆ, ಅದರಲ್ಲಿರುವ ತಪ್ಪೂ ನಾಲ್ಕರಷ್ಟಾಗುತ್ತದೆ. ಆರಂಭದ ವೇಗವೇ ಮುಖ್ಯವಾದ ಪ್ರಯೋಗದಲ್ಲಿ 1, 2, 3, 4ನೇ ನಿಮಿಷಗಳಲ್ಲೂ ಅಳತೆ ತೆಗೆಯಿರಿ. ಅದಕ್ಕಿಂತ ಮುಂಚೆ ತೆಗೆದು ಫಲವಿಲ್ಲ, ದ್ರಾವಣ ಸರಿಯಾಗಿ ಬೆರೆಯಲು ಕೆಲವು ಸೆಕೆಂಡು ಬೇಕು.

## ಸ್ಪ್ರೆಡ್‌ಶೀಟಿನಲ್ಲಿ

ಸಮಯ A ಕಂಬದಲ್ಲಿ, ಸಾರತೆ B ಕಂಬದಲ್ಲಿ, ಎರಡೂ 2ನೇ ಸಾಲಿನಿಂದ ಶುರುವಾಗಿದ್ದರೆ C3ರಲ್ಲಿ ಇದನ್ನು ಬರೆದು ಕೆಳಗೆ ಎಳೆಯಿರಿ:

```
=-(B4-B2)/(A4-A2)
```

ಈ ಸೂತ್ರ ಸಮ ಅಂತರವನ್ನು ನಂಬಿಕೊಂಡಿದೆ. ನಮ್ಮ ಕೋಷ್ಟಕದಲ್ಲಿ 30ರ ಹಿಂದೆ 5 ನಿಮಿಷ, ಮುಂದೆ 10 ನಿಮಿಷ. 25ರಿಂದ 40ರವರೆಗಿನ ಜ್ಯಾದ ನಡು 32.5, ಹಾಗಾಗಿ 30ರ ಮುಂದೆ ಮೂಡುವ 0.00203 ನಿಜವಾದ ಬೆಲೆಗಿಂತ ಶೇಕಡಾ 9 ಕಡಿಮೆ. ವೇಗವನ್ನು ಸಾರತೆಯಿಂದ ಭಾಗಿಸಿದಾಗ ಅಲ್ಲಿ ಮಾತ್ರ 0.0457 ಬಂದು, ಕ್ರಿಯೆಯೇ ನಿಧಾನವಾಯಿತೇನೋ ಎಂಬ ಭ್ರಮೆ ಹುಟ್ಟುತ್ತದೆ. ಇದಕ್ಕೆ ಸುಲಭ ಪರಿಹಾರ 35ನೇ ನಿಮಿಷದ ಅಳತೆಯನ್ನು ಬಿಡದಿರುವುದು. ಬಿಟ್ಟಾಗಿದ್ದರೆ 20 ಮತ್ತು 40ರ ಜ್ಯಾ ತೆಗೆದುಕೊಳ್ಳಿ, ನಡು 30ಕ್ಕೇ ಬರುತ್ತದೆ, ಶೇಕಡಾ 4ರ ಬಾಗಿನ ದೋಷ ಮಾತ್ರ ಉಳಿಯುತ್ತದೆ.

ಚಾರ್ಟಿನಲ್ಲಿ ಬಿಂದುಗಳನ್ನು ಸೇರಿಸುವ ನಯವಾದ ಗೆರೆಯ ಮೇಲೆ ಸ್ಪರ್ಶಕ ಎಳೆಯಬೇಡಿ. ಅದು ಎಲ್ಲ ಬಿಂದುಗಳನ್ನೂ ಮುಟ್ಟಿಯೇ ಹೋಗುತ್ತದೆ, ಟೈಟ್ರೇಷನ್ನಿನ ದೋಷವೂ ಅದರೊಳಗೆ ಸೇರಿರುತ್ತದೆ. ಐದಾರು ಘಾತದ ಬಹುಪದ ಟ್ರೆಂಡ್‌ಲೈನ್ ಕೂಡ ಬಿಂದುಗಳಿಗೆ ಚೆನ್ನಾಗಿ ಕೂತಂತೆ ಕಂಡು, ಎರಡೂ ತುದಿಗಳಲ್ಲಿ ಇಳಿಜಾರನ್ನು ಹಾಳು ಮಾಡುತ್ತದೆ.

## ಬರೆಯುವ ಮುನ್ನ

ಇಷ್ಟು ಹೊತ್ತು ಲೆಕ್ಕ ಹಾಕಿದ್ದು ಪೆರಾಕ್ಸೈಡ್ ಖರ್ಚಾಗುವ ವೇಗ. ಇಳಿಜಾರು ಋಣ, ವೇಗ ಧನ, ಅದಕ್ಕೇ ಮುಂದೆ ಋಣ ಚಿಹ್ನೆ ಹಾಕುತ್ತೇವೆ. ಸಮೀಕರಣದಲ್ಲಿ ಪೆರಾಕ್ಸೈಡಿನ ಗುಣಾಂಕ 2 ಇರುವುದರಿಂದ ಕ್ರಿಯೆಯ ವೇಗ ಅದರ ಅರ್ಧ: 10ನೇ ನಿಮಿಷದಲ್ಲಿ 0.00615ರ ಅರ್ಧ, ಸುಮಾರು 0.0031. ಪ್ರತಿ ಲೀಟರ್ ದ್ರಾವಣದಿಂದ ಆಮ್ಲಜನಕ ಹುಟ್ಟುವ ವೇಗವೂ ಇಷ್ಟೇ. ಸೆಕೆಂಡಿನ ಲೆಕ್ಕಕ್ಕೆ 60ರಿಂದ ಭಾಗಿಸಿದರೆ ಖರ್ಚಿನ ವೇಗ `1.0 × 10^-4 mol L^-1 s^-1`, ಕ್ರಿಯೆಯ ವೇಗ `5.1 × 10^-5 mol L^-1 s^-1`. ಯಾವುದನ್ನು ಕೊಡುತ್ತಿದ್ದೀರಿ ಎಂದು ಪದಗಳಲ್ಲೇ ಬರೆಯಿರಿ. ಬರೆಯದಿದ್ದರೆ ಓದುವವರಿಗೆ ಎರಡರಷ್ಟು ತಪ್ಪಾಗುವ ಸಾಧ್ಯತೆ ಉಳಿದೇ ಇರುತ್ತದೆ. ವೇಗ ಸ್ಥಿರಾಂಕಕ್ಕೂ ಇದೇ ಮಾತು ಅನ್ವಯಿಸುತ್ತದೆ: ಮೇಲಿನ 0.0505 ಪೆರಾಕ್ಸೈಡಿನ ಖರ್ಚಿಗೆ ಸಂಬಂಧಿಸಿದ್ದು.

ಇಳಿಜಾರುಗಳೆಲ್ಲ ಸರಿಯಾಗಿ ಎಳೆದಿದ್ದೂ ವೇಗ ÷ ಸಾರತೆಯ ಕಂಬ ಒಂದೇ ಕಡೆ ನಿಲ್ಲದಿದ್ದರೆ ಉಷ್ಣತೆಯನ್ನು ನೋಡಿ. ಪೆರಾಕ್ಸೈಡ್ ಒಡೆಯುವಾಗ ಮೋಲಿಗೆ ಸುಮಾರು 98 ಕಿಲೋಜೂಲ್ ಶಾಖ ಹೊರಬೀಳುತ್ತದೆ. ಲೀಟರಿಗೆ 0.2 ಮೋಲ್ ಇರುವ ದ್ರಾವಣ ತನ್ನ ಶಾಖವನ್ನೆಲ್ಲ ತಾನೇ ಉಳಿಸಿಕೊಂಡರೆ 4ರಿಂದ 5 ಡಿಗ್ರಿ ಬಿಸಿಯಾಗುತ್ತದೆ, ವೇಗ ಸ್ಥಿರಾಂಕವನ್ನು ಕಣ್ಣಿಗೆ ಕಾಣುವಷ್ಟು ಏರಿಸಲು ಅಷ್ಟು ಸಾಕು. ಹಾಗಾದಾಗ ಕಂಬದ ಅಂಕಿಗಳು ಮೊದಮೊದಲು ಏರುತ್ತ ಹೋಗಿ, ಕ್ರಿಯೆ ನಿಧಾನವಾಗಿ ದ್ರಾವಣ ತಣಿದಂತೆ ಮತ್ತೆ ಇಳಿಯುತ್ತವೆ. ಫ್ಲಾಸ್ಕನ್ನು ಕೋಣೆಯ ಉಷ್ಣತೆಯ ನೀರು ತುಂಬಿದ ದೊಡ್ಡ ಬೋಗುಣಿಯಲ್ಲಿ ಕತ್ತಿನವರೆಗೆ ಮುಳುಗಿಸಿ ಇಡಿ, ಪ್ರತಿ ಅಳತೆಯ ಪಕ್ಕದಲ್ಲಿ ಥರ್ಮಾಮೀಟರಿನ ಓದನ್ನೂ ಬರೆದುಕೊಳ್ಳಿ. ಆ ಓದು ಆರಂಭದಿಂದ ಕೊನೆಯವರೆಗೆ ಅರ್ಧ ಡಿಗ್ರಿಯೊಳಗೆ ಇದ್ದಿದ್ದರೆ, ಕಂಬದಲ್ಲಿ ಉಳಿದ ಏರಿಳಿತವನ್ನು ಪಿಪೆಟ್ಟಿನಲ್ಲೋ ಸ್ಪರ್ಶಕದಲ್ಲೋ ಹುಡುಕಬೇಕು.